ಹೊಸ ಮಷೀನ್ ಕೂರಿಸೋಕೆ 35 ದಿನ: ಕ್ಯೂರಿಂಗ್ ಬೇಗ ಮುಗಿಸೋಕೆ 48 ಸಾವಿರ ಸುರಿಯೋದಾ, ಬೇಡ್ವಾ?

ಪೀಣ್ಯ ಪ್ಲಾನರ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಮಷೀನ್ ಶಾಪ್. ರಾಜ್‌ಕೋಟ್‌ನಿಂದ ಒಂದು ಡಬಲ್ ಕಾಲಮ್ ಮಷೀನಿಂಗ್ ಸೆಂಟರ್ ಬರುತ್ತಿದೆ, ಹತ್ತಿರ ಹತ್ತಿರ 20 ಟನ್. ಮುಂದಿನ ಸೋಮವಾರ ನೆಲ ಒಡೆಯುತ್ತೇವೆ. ಅಲ್ಲಿಂದ ಮೊದಲ ಪೀಸ್ ಹೊರಗೆ ಬರುವವರೆಗಿನ ಚಾರ್ಟ್ ಮಾಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಭಾನುವಾರವನ್ನೂ ಸೇರಿಸಿಯೇ ದಿನ ಎಣಿಸಿದ್ದೇನೆ.

ಸಿವಿಲ್: ನೆಲ ಒಡೆದು ಗುಂಡಿ ತೋಡಲು 4 ದಿನ, ಕಂಬಿ ಕಟ್ಟಿ ಕಾಂಕ್ರೀಟ್ ಹಾಕಲು 3, ಕ್ಯೂರಿಂಗ್ 14.
ಮಷೀನ್: ಅಲ್ಲಿ ಪ್ಯಾಕಿಂಗ್ ಆಗಿ ಟ್ರೈಲರ್ ಇಲ್ಲಿಗೆ ಬರಲು 19. ಇದು ಸಿವಿಲ್ ಜೊತೆಗೇ ನಡೆಯುತ್ತದೆ.
ಕರೆಂಟ್: ಪ್ಯಾನೆಲ್ ತಯಾರಾಗಲು 18, ಕೇಬಲ್ ಮತ್ತು ಅರ್ಥಿಂಗ್‌ಗೆ 6. ಇದೂ ಜೊತೆಗೇ.
ಆಮೇಲೆ: ಕ್ರೇನ್‌ನಲ್ಲಿ ಇಳಿಸಿ ಕೂರಿಸಲು 2, ಗ್ರೌಟ್ ಮತ್ತು ಲೆವೆಲಿಂಗ್ 5, ಕರೆಂಟ್ ಕೊಡಲು 1, ಕಂಪನಿ ಎಂಜಿನಿಯರ್ ಬಂದು ಕಮಿಷನಿಂಗ್ 4, ಟ್ರಯಲ್ ಪೀಸ್ 2.

ಉದ್ದದ ದಾರಿ ಸಿವಿಲ್‌ನದೇ. 4+3+14+2+5+1+4+2, ಒಟ್ಟು 35 ದಿನ. ಈ ಮಷೀನ್‌ನಲ್ಲಿ ಮಾಡಬೇಕಾದ ಕೆಲಸವನ್ನು ಈಗ ಹೊರಗೆ ಜಾಬ್ ವರ್ಕ್ ಕೊಡುತ್ತಿದ್ದೇವೆ. ನಾವೇ ಮಾಡಿದರೆ ಆಗುವ ಖರ್ಚು ಕಳೆದು, ದಿನಕ್ಕೆ 18,000 ಹೆಚ್ಚಿಗೆ ಹೋಗುತ್ತಿದೆ. ಅಂದರೆ ಒಂದು ದಿನ ಬೇಗ ಮುಗಿದರೆ 18,000 ಉಳಿತಾಯ.

ಬೇಗ ಮಾಡಿಸಲು ಬಂದ ರೇಟುಗಳು: ಗುಂಡಿಗೆ ಎರಡನೇ ಪಾಳಿ ಹಾಕಿದರೆ 1 ದಿನ ಕಡಿಮೆ, 6,000. ಕಂಬಿ ಕೆಲಸದಲ್ಲಿ 1 ದಿನ, 9,000. ಎಂ25 ಬದಲು ಎಂ40 ಕಾಂಕ್ರೀಟ್ ಹಾಕಿದರೆ ಕ್ಯೂರಿಂಗ್ 14ರಿಂದ 8ಕ್ಕೆ ಇಳಿಯುತ್ತದೆ, ಒಟ್ಟಿಗೆ 48,000. ಟ್ರೈಲರ್ ಮತ್ತು ಪ್ಯಾಕಿಂಗ್‌ನಲ್ಲಿ 3 ದಿನದವರೆಗೆ, ದಿನಕ್ಕೆ 5,000. ಪ್ಯಾನೆಲ್ 4 ದಿನದವರೆಗೆ, ದಿನಕ್ಕೆ 4,000. ಕೇಬಲ್ 2 ದಿನ, ದಿನಕ್ಕೆ 5,000. ಬೇಗ ಗಟ್ಟಿಯಾಗುವ ಗ್ರೌಟ್ ಹಾಕಿದರೆ 1 ದಿನ, 11,000. ಇನ್ನೊಬ್ಬ ಎಂಜಿನಿಯರ್ ಬಂದರೆ ಕಮಿಷನಿಂಗ್‌ನಲ್ಲಿ 1 ದಿನ, 20,000.

ನಮ್ಮ ಬಾಸ್ "ಎಲ್ಲಾ ಕಡೆ ಓವರ್‌ಟೈಮ್ ಹಾಕಿಸು" ಅನ್ನುತ್ತಾರೆ. ನನಗೆ ಯಾಕೋ ಇಷ್ಟವಿಲ್ಲ. ಯಾವುದನ್ನು ಕ್ರ್ಯಾಶ್ ಮಾಡಲಿ?

ಸ್ಪಿಂಡಲ್ ಸೀನ

ಗುರು, ಕ್ರ್ಯಾಶ್ ಅಂದ ಕೂಡಲೇ ಓಡಿ ಬಂದೆ. ಹೊಸ ಮಷೀನ್ ಕ್ರ್ಯಾಶ್ ಆದರೆ ಮೊದಲು ಸ್ಪಿಂಡಲ್ ರನ್‌ಔಟ್ ನೋಡಿ. ನಮ್ಮ ಹುಡುಗ ಟೂಲ್ ಲೆಂತ್ ಆಫ್‌ಸೆಟ್ ತಪ್ಪು ಹಾಕಿ ವೈಸ್‌ಗೇ ಗುದ್ದಿಸಿದ್ದ. ಇನ್ಶೂರೆನ್ಸ್ ಮಾಡಿಸಿದ್ದೀರಾ?

ಪೀಣ್ಯ ಪ್ಲಾನರ್

ಅಯ್ಯೋ, ಆ ಕ್ರ್ಯಾಶ್ ಅಲ್ಲ ಮಾರಾಯ. ಮಷೀನ್ ಇನ್ನೂ ರಾಜ್‌ಕೋಟ್‌ನಲ್ಲೇ ಇದೆ! ದುಡ್ಡು ಕೊಟ್ಟು ದಿನ ಕಡಿಮೆ ಮಾಡಿಸುವುದಕ್ಕೂ ಅದೇ ಹೆಸರು.

ಸ್ಪಿಂಡಲ್ ಸೀನ

ಓ ಸರಿ ಸರಿ. ಆದರೂ ಕೇಳ್ತೀನಿ, ಫೌಂಡೇಶನ್ ಯಾಕೆ? ನಾವು ವಿಎಂಸಿ ತಂದಾಗ ಸುಮ್ನೆ ಇದ್ದ ನೆಲದ ಮೇಲೆ ಪ್ಯಾಡ್ ಇಟ್ಟು ಕೂರಿಸಿದ್ವಿ. ಎರಡನೇ ದಿನ ಚಿಪ್ ಹಾರ್ತಿತ್ತು. 21 ದಿನ ಹಾಗೇ ಉಳಿಯುತ್ತಲ್ವಾ?

ಪೀಣ್ಯ ಪ್ಲಾನರ್

ನಿಮ್ಮದು ಸಣ್ಣ ಸಿ ಫ್ರೇಮ್ ಇರಬೇಕು. ಅದಕ್ಕೆ ಒಳ್ಳೆಯ ನೆಲ ಸಾಕು. ಇದರಲ್ಲಿ ಬೆಡ್ ಉದ್ದ, ಎರಡು ಕಾಲಮ್ ಬೇರೆ. ನೆಲ ಒಂದು ಕಡೆ ಕುಸಿದರೆ ಜಾಮಿಟ್ರಿ ಹೋಯ್ತು. ತಯಾರಕರ ಡ್ರಾಯಿಂಗ್‌ನಲ್ಲೇ ಫೌಂಡೇಶನ್ ಕೊಟ್ಟಿದ್ದಾರೆ. ಅದು ಮಾಡದಿದ್ದರೆ ವಾರಂಟಿ ಕೇಳುವ ಹಾಗಿಲ್ಲ.

ಎಂಬಿಎ ಮಹೇಶ

ಇದು ಸುಲಭ ಸಾರ್. ಪ್ರತಿಯೊಂದಕ್ಕೂ ದಿನದ ಲೆಕ್ಕ ತೆಗೆಯಿರಿ. ಕ್ರಿಟಿಕಲ್ ಪಾತ್, ಅಂದರೆ ನಿಮ್ಮ ಉದ್ದದ ದಾರಿಯಲ್ಲಿ ಗುಂಡಿ 6,000, ಕ್ಯೂರಿಂಗ್ 48,000 ಭಾಗಿಸು 6 ಅಂದರೆ 8,000, ಕಂಬಿ 9,000, ಗ್ರೌಟ್ 11,000, ಕಮಿಷನಿಂಗ್ 20,000. ಅಗ್ಗದ್ದರಿಂದ ಶುರು ಮಾಡಿ, 18,000 ದಾಟುವವರೆಗೆ ಕ್ರ್ಯಾಶ್ ಮಾಡುತ್ತಾ ಹೋಗಿ. ಗುಂಡಿ, ಕ್ಯೂರಿಂಗ್, ಕಂಬಿ, ಗ್ರೌಟ್ ಎಲ್ಲಾ ಮಾಡಿಸಿ. 9 ದಿನ ಉಳಿಯುತ್ತದೆ, 26 ದಿನಕ್ಕೆ ಮುಗಿಯುತ್ತದೆ. ಕಮಿಷನಿಂಗ್ ಮುಟ್ಟಬೇಡಿ.

ಶಟ್‌ಡೌನ್ ಶಾರದಾ

ಮಹೇಶ ಅವರೇ, ಅಗ್ಗದ್ದರಿಂದ ಶುರು ಮಾಡಬೇಕು, ಕಮಿಷನಿಂಗ್ ಬಿಡಬೇಕು ಅನ್ನುವುದು ಸರಿ. ಆದರೆ 26 ದಿನಕ್ಕೆ ಮುಗಿಯಲ್ಲ. ಕ್ಯೂರಿಂಗ್ 8ಕ್ಕೆ ಇಳಿಸಿ, ಗುಂಡಿ, ಕಂಬಿ ಎರಡನ್ನೂ ಬೇಗ ಮುಗಿಸಿದರೆ ಫೌಂಡೇಶನ್ 13ನೇ ದಿನಕ್ಕೆ ರೆಡಿ. ಅವತ್ತು ಮಷೀನ್ ಎಲ್ಲಿರುತ್ತದೆ? ಬರುವುದೇ 19ಕ್ಕೆ. 6 ದಿನ ಖಾಲಿ ಗುಂಡಿ ನೋಡುತ್ತಾ ಕೂರಬೇಕು.

ಪ್ಲಾನರ್, ನಾನು ಪ್ಲಾಂಟ್ ಶಟ್‌ಡೌನ್ ಪ್ಲಾನಿಂಗ್‌ನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು. ನಿಮ್ಮ ಚಾರ್ಟ್‌ನಲ್ಲಿ ನೋಡಬೇಕಾದ್ದು ಎರಡು ಅಂಕಿ. ಸಿವಿಲ್ 21, ಮಷೀನ್ 19. ನಡುವೆ 2 ದಿನದ ಫ್ಲೋಟ್, ಅಂದರೆ ಬಿಡುವು. ಸಿವಿಲ್‌ನಲ್ಲಿ 2 ದಿನ ಉಳಿಸಿದ ಕೂಡಲೇ ಟ್ರೈಲರ್ ದಾರಿಯೂ ಕ್ರಿಟಿಕಲ್ ಆಗುತ್ತದೆ. ಆಮೇಲೆ ಸಿವಿಲ್‌ಗೆ ಸುರಿದ ದುಡ್ಡಿಗೆ ಒಂದು ದಿನವೂ ಬರುವುದಿಲ್ಲ, ಟ್ರೈಲರ್‌ಗೂ ಜೊತೆಗೇ ಕೊಡದಿದ್ದರೆ.

ಹಾಗಾಗಿ ಒಂದೊಂದೇ ಹೆಜ್ಜೆ ಇಡಿ. ಗುಂಡಿ 1 ದಿನ, 6,000. ಒಟ್ಟು 34 ದಿನ. ಕಂಬಿ 1 ದಿನ, 9,000. 33 ದಿನ, ಈಗ ಸಿವಿಲ್ 19, ಮಷೀನ್ 19, ಎರಡೂ ಸಮ. ಗ್ರೌಟ್ ಮಷೀನ್ ಕೂರಿಸಿದ ಮೇಲಿನ ಕೆಲಸ, ಎರಡೂ ದಾರಿಗೆ ಸೇರಿದ್ದು. ಅದಕ್ಕೆ 11,000 ಕೊಟ್ಟರೆ 32 ದಿನ. ಖರ್ಚು 26,000, ಉಳಿತಾಯ 3 ದಿನದ 54,000. ಕೈಗೆ 28,000. ಕರೆಂಟ್ ದಾರಿ 24ಕ್ಕೆ ಮುಗಿಯುತ್ತದೆ. ಅದು ಬೇಕಾಗುವುದು 25 ಮುಗಿದ ಮೇಲೆ. ಒಂದು ದಿನ ಇನ್ನೂ ಕೈಯಲ್ಲಿದೆ.

ಎಂಬಿಎ ಮಹೇಶ

ಒಪ್ಪಿದೆ ಮೇಡಂ, ಟ್ರೈಲರ್ ನೋಡಿರಲಿಲ್ಲ. ಹಾಗಾದರೆ 32ಕ್ಕೆ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಕ್ಯೂರಿಂಗ್ 48,000, ಟ್ರೈಲರ್ 3 ದಿನಕ್ಕೆ 15,000, ಪ್ಯಾನೆಲ್ 2 ದಿನಕ್ಕೆ 8,000. ಒಟ್ಟು 71,000 ಕೊಟ್ಟು 3 ದಿನ, ಅಂದರೆ 54,000 ಉಳಿಸಬೇಕು. 17,000 ಕೈ ಬಿಡುತ್ತದೆ. ಕ್ಯೂರಿಂಗ್ ಬೇಡವೇ ಬೇಡ.

ಶಟ್‌ಡೌನ್ ಶಾರದಾ

ಹೆಜ್ಜೆ ಹೆಜ್ಜೆಯಾಗಿ ಹೋಗುವವರು ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ. ಓವರ್‌ಟೈಮ್ ಹಾಗೆ ಕಾಂಕ್ರೀಟನ್ನು ಒಂದೊಂದೇ ದಿನ ಕೊಂಡುಕೊಳ್ಳಲು ಆಗುವುದಿಲ್ಲ. ತಗೊಂಡರೆ ಪೂರ್ತಿ 6 ದಿನ, ಇಲ್ಲದಿದ್ದರೆ ಇಲ್ಲ. ಇಂಥದ್ದು ಒಂದಿದ್ದರೆ ಹಿಂದೆ ತಿರುಗಿ, ಮೊದಲಿಟ್ಟ ಹೆಜ್ಜೆಗಳು ಈಗಲೂ ಬೇಕಾ ಅಂತ ನೋಡಬೇಕು.

ಎಂ40 ಹಾಕಿದರೆ ಗುಂಡಿಗೂ ಕಂಬಿಗೂ ಓವರ್‌ಟೈಮ್ ಯಾಕೆ? 4+3+8, ಸಿವಿಲ್ 15ಕ್ಕೇ ಮುಗಿಯಿತು. ಟ್ರೈಲರ್ ಎಷ್ಟು ಎಳೆದರೂ 16. ಗುಂಡಿ, ಕಂಬಿಯ ಆ 15,000 ಹಾಗೇ ಉಳಿಯಿತು. ಈಗ ಲೆಕ್ಕ: ಎಂ40ಗೆ 48,000, ಟ್ರೈಲರ್‌ಗೆ 15,000, ಗ್ರೌಟ್‌ಗೆ 11,000, ಪ್ಯಾನೆಲ್‌ನಲ್ಲಿ 2 ದಿನಕ್ಕೆ 8,000. ಒಟ್ಟು 82,000. ಮಷೀನ್ 16ಕ್ಕೆ ಬರುತ್ತದೆ, 29 ದಿನಕ್ಕೆ ಎಲ್ಲಾ ಮುಗಿಯುತ್ತದೆ. 6 ದಿನ ಉಳಿಯಿತು, 1,08,000. ಕೈಗೆ 26,000.

ಅಂದರೆ 32 ದಿನದ ಪ್ಲಾನ್‌ನಲ್ಲಿ 28,000, 29 ದಿನದ್ದರಲ್ಲಿ 26,000. ಹೆಚ್ಚುಕಮ್ಮಿ ಒಂದೇ. ಮೂರು ದಿನಕ್ಕೆ 56,000 ಹೆಚ್ಚು ಖರ್ಚು. ನಿಮ್ಮ ದಿನದ 18,000 ಏನಾದರೂ 19,000 ಆಗಿದ್ದರೆ 29 ದಿನದ್ದೇ ಗೆಲ್ಲುತ್ತದೆ. ನಿಮ್ಮ ಬಾಸ್ ಹೇಳಿದ ಹಾಗೆ ಎಲ್ಲಾ ಕಡೆ ಹಾಕಿಸಿದರೆ 1,35,000 ಖರ್ಚು, 28 ದಿನ, ಉಳಿತಾಯ 1,26,000. 9,000 ಕೈಯಿಂದ ಹೋಗುತ್ತದೆ. ಕೇಬಲ್‌ನವರಿಗೆ ಕೊಟ್ಟ 10,000ದಿಂದ ಒಂದು ಗಂಟೆಯೂ ಉಳಿದಿರುವುದಿಲ್ಲ.

ಪೀಣ್ಯ ಪ್ಲಾನರ್

ಮೇಡಂ, ಈ ಕೊನೆಯ ಸಾಲನ್ನು ಪ್ರಿಂಟ್ ತೆಗೆದು ಬಾಸ್ ಟೇಬಲ್ ಮೇಲೆ ಇಡುತ್ತೇನೆ.

ಲೆಕ್ಕದ ಲಲಿತಾ

ನಾನು ಅಕೌಂಟ್ಸ್‌ನವಳು. ಆ 18,000ದ ಮೇಲೆ ಎಲ್ಲಾ ನಿಂತಿದೆ ಅಂದಮೇಲೆ ಅದನ್ನೇ ಕೇಳುತ್ತೇನೆ. ಮಷೀನ್ ಸಾಲದ ಇಎಂಐ ಸೇರಿಸಿದ್ದೀರಾ? ಸುಮ್ಮನೆ ನಿಂತ ಮಷೀನ್‌ಗೂ ಕಂತು ಕಟ್ಟಬೇಕಲ್ವಾ? ಸೇರಿಸಿದರೆ 18,000 ಸುಲಭವಾಗಿ ದಾಟುತ್ತದೆ.

ಶಟ್‌ಡೌನ್ ಶಾರದಾ

ಲಲಿತಾ ಅವರೇ, ಬ್ಯಾಂಕ್ ದುಡ್ಡು ಬಿಡುಗಡೆ ಮಾಡಿದ ದಿನದಿಂದ ಕಂತು ಓಡುತ್ತದೆ. 29ಕ್ಕೆ ಮುಗಿಸಿದರೂ ಅಷ್ಟೇ, 35ಕ್ಕೆ ಮುಗಿಸಿದರೂ ಅಷ್ಟೇ. ಬೇಗ ಮುಗಿಸಿದರೆ ಕಡಿಮೆಯಾಗದ ಖರ್ಚು ಈ ಲೆಕ್ಕಕ್ಕೆ ಬರಬಾರದು.

ಲೆಕ್ಕದ ಲಲಿತಾ

ಅದು ಸರಿ. ಆದರೆ ಇನ್ನೊಂದು ಕಡೆಯಿಂದ ನೋಡಿ. ಹೊಸ ಮಷೀನ್ ಶುರುವಾದ ಮೊದಲ ವಾರವೇ ಹೊರಗೆ ಕೊಡುತ್ತಿದ್ದ ಕೆಲಸವೆಲ್ಲಾ ಒಳಗೆ ಬಂದುಬಿಡುತ್ತಾ? ಆಪರೇಟರ್ ಕೈ ಕೂರಬೇಕು, ಪ್ರೋಗ್ರಾಂ ಆಗಬೇಕು. ಶುರುವಿನ ದಿನಗಳಲ್ಲಿ ಅರ್ಧ ಕೆಲಸ ಬಂದರೂ ದೊಡ್ಡದು. ನನ್ನ ಪ್ರಕಾರ 18,000 ಜಾಸ್ತಿಯೇ ಆಯಿತು.

ಶಟ್‌ಡೌನ್ ಶಾರದಾ

ಕೈ ಕೂರುವ ಆ ದಿನಗಳು ಯಾವಾಗ ಶುರು ಮಾಡಿದರೂ ಬರುತ್ತವೆ. ಮೂರು ದಿನ ಮೊದಲು ಶುರುವಾದರೆ ಅವೂ ಮೂರು ದಿನ ಮೊದಲೇ ಮುಗಿಯುತ್ತವೆ. ಹಾಗಾಗಿ ಉಳಿಯುವುದು ಪೂರ್ತಿ ಕೆಲಸ ಮಾಡುವ ದಿನಗಳೇ ಅಂತ ನಾನು ಲೆಕ್ಕ ಹಾಕುತ್ತೇನೆ. ನೀವು ಒಪ್ಪಲಿಕ್ಕಿಲ್ಲ.

ಲೆಕ್ಕದ ಲಲಿತಾ

ಕೆಲಸ ಅಷ್ಟು ದಿನವೂ ಇದ್ದರೆ ಒಪ್ಪುತ್ತೇನೆ. ಆರ್ಡರ್ ಬುಕ್ ನೋಡದೆ ಒಪ್ಪಲ್ಲ.

ಕ್ಯೂಬ್ ಕರಿಯಪ್ಪ

ಸಿವಿಲ್ ಕಡೆಯವನು ನಾನು. ಕ್ಯೂರಿಂಗ್ 14ರಿಂದ 8 ಅಂತ ಎಲ್ಲರೂ ಸಲೀಸಾಗಿ ಬರೆಯುತ್ತಿದ್ದೀರಿ, ಅದಕ್ಕೆ ಬಾಯಿ ಹಾಕುತ್ತೇನೆ. ಇಲ್ಲಿ ಎರಡು ವಿಷಯ ಕಲಸಿಹೋಗಿದೆ. ಒಂದು, ಎಷ್ಟು ದಿನ ನೀರು ಕಟ್ಟಬೇಕು ಅನ್ನುವುದು. ಐಎಸ್ 456 ಪ್ರಕಾರ ಒಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿ ತರಹದ ಮಿಶ್ರ ಸಿಮೆಂಟಿಗೆ 10. ಒಣ ಬಿಸಿಲಿದ್ದರೂ 10. ಇನ್ನೊಂದು, 20 ಟನ್ ಹೊರುವಷ್ಟು ಗಟ್ಟಿ ಆಯಿತಾ ಅನ್ನುವುದು. ಅದನ್ನು ಕ್ಯಾಲೆಂಡರ್ ಹೇಳುವುದಿಲ್ಲ, ಅದೇ ಕಾಂಕ್ರೀಟಿನಲ್ಲಿ ಮಾಡಿ ಒಡೆದು ನೋಡುವ ಕ್ಯೂಬ್ ಹೇಳುತ್ತದೆ.

ಕಂಟ್ರಾಕ್ಟರ್ ಎಂ40 ಅಂದದ್ದು ಯಾಕೆ ಗೊತ್ತಾ? ಒಪಿಸಿ ಕಾಂಕ್ರೀಟ್ 7 ದಿನಕ್ಕೆ ತನ್ನ 28 ದಿನದ ಬಲದಲ್ಲಿ ಮೂರನೇ ಎರಡು ಭಾಗ ಮುಟ್ಟುತ್ತದೆ. 40ರಲ್ಲಿ ಮೂರನೇ ಎರಡು ಅಂದರೆ 26ರ ಮೇಲೆ. ಡ್ರಾಯಿಂಗ್ ಕೇಳಿದ್ದು 25. ಅಷ್ಟೇ ಗುಟ್ಟು. ಆದರೆ ಎಂ40 ಅಂತ ಹೇಳಿ ಪಿಪಿಸಿಯಲ್ಲಿ ಹಾಕಿಬಿಟ್ಟರೆ ಶುರುವಿನ ದಿನಗಳಲ್ಲಿ ಅದು ನಿಧಾನ. 48,000 ಕೊಟ್ಟೂ 8ನೇ ದಿನ ಕ್ಯೂಬ್ 20ಕ್ಕೇ ಒಡೆದರೆ ಕ್ರೇನ್ ವಾಪಸ್ ಕಳಿಸಬೇಕಾಗುತ್ತದೆ. ಆರ್ಡರ್‌ನಲ್ಲಿ ಒಪಿಸಿ ಅಂತ ಬರೆಸಿ.

ಇನ್ನೊಂದು. ಟ್ರೈಲರ್, ಪ್ಯಾನೆಲ್, ಗ್ರೌಟ್, ಇವಕ್ಕೆಲ್ಲಾ ಆಮೇಲೂ ದುಡ್ಡು ಕೊಟ್ಟು ಅವಸರ ಮಾಡಿಸಬಹುದು. ಕಾಂಕ್ರೀಟ್ ಒಂದು ಸಲ ಗುಂಡಿಗೆ ಬಿತ್ತು ಅಂದರೆ ಮುಗಿಯಿತು. 10ನೇ ದಿನ ನೀವು ಲಕ್ಷ ಕೊಡುತ್ತೇನೆ ಅಂದರೂ ಎಂ25 ಅವಸರ ಮಾಡಲ್ಲ. ನಿಮ್ಮ ಚಾರ್ಟ್‌ನಲ್ಲಿ ಈ ತೀರ್ಮಾನಕ್ಕೆ 7ನೇ ದಿನದ ಒಳಗೆ ಅಂತ ಗುರುತು ಹಾಕಿ.

ಎಂಬಿಎ ಮಹೇಶ

ಇದು ನಮಗೆ ಕ್ಲಾಸ್‌ನಲ್ಲಿ ಯಾರೂ ಹೇಳಿರಲಿಲ್ಲ ಸಾರ್. ಅಲ್ಲಿ ಟೇಬಲ್‌ನಲ್ಲಿ ಸಂಖ್ಯೆ ಕೊಟ್ಟಿರುತ್ತಾರೆ, ಯಾವಾಗ ಬೇಕಾದರೂ ಇಳಿಸಬಹುದು.

ಹುಬ್ಬಳ್ಳಿ ಹಿರೇಮಠ

ನಂದೊಂದು ಹೇಳತೀನ್ರಿ. ನಾವು ಪ್ರೆಸ್ ಹಾಕಿದಾಗ ಇಷ್ಟೇ ಚಂದ ಚಾರ್ಟ್ ಮಾಡಿದ್ವಿ. ಫೌಂಡೇಶನ್‌ಗೆ ರೊಕ್ಕ ಸುರದು 5 ದಿನ ಮುಂಚೆನ ಮುಗಿಸಿದ್ವಿ. ಆಮ್ಯಾಲೆ ಗೊತ್ತಾತು, ಹೆಚ್ಚುವರಿ ಲೋಡ್ ಮಂಜೂರಿನ ಆಗಿಲ್ಲ ಅಂತ. ಅರ್ಜಿ ಯಾರು ಹಾಕಬೇಕು ಅಂತ ಮೇಂಟೆನೆನ್ಸ್‌ನವರು ಆಫೀಸಿನವರ ಮುಖ ನೋಡಿದ್ರು, ಆಫೀಸಿನವರು ಮೇಂಟೆನೆನ್ಸ್‌ನವರ ಮುಖ ನೋಡಿದ್ರು. 40 ದಿನ ಪ್ರೆಸ್ ಟಾರ್ಪಾಲ್ ಹೊದ್ದುಕೊಂಡು ಕೂತಿತ್ರಿ. ನಿಮ್ಮ ಲಿಸ್ಟ್‌ನ್ಯಾಗ ಆ ಲೈನ್ ಕಾಣವಲ್ದು.

ಪೀಣ್ಯ ಪ್ಲಾನರ್

ಹಿರೇಮಠ ಅವರೇ, ಅದೃಷ್ಟಕ್ಕೆ ಹಳೆಯ ಎರಡು ಮಷೀನ್ ಹೊರಗೆ ಹಾಕಿದ್ದೇವೆ, ಇರುವ ಲೋಡ್‌ನಲ್ಲೇ ಆಗುತ್ತದೆ. ಆದರೆ ನಿಮ್ಮ ಮಾತು ಓದಿ ಇನ್ನೇನು ಬಿಟ್ಟಿದ್ದೇನೆ ಅಂತ ಇಡೀ ಲಿಸ್ಟ್ ಮತ್ತೆ ನೋಡಿದೆ. ಒಂದು ಸಿಕ್ಕಿತು. ಕಂಪನಿ ಎಂಜಿನಿಯರ್. ನಾವು ಕರೆದ ದಿನ ಬರುತ್ತಾರೆ ಅಂತ ಸುಮ್ನೆ ಅಂದುಕೊಂಡಿದ್ದೆ. ಫೋನ್ ಮಾಡಿದರೆ, ನಮ್ಮ ಚಾರ್ಟ್‌ನ 24ನೇ ದಿನ ಬೆಂಗಳೂರಿನಲ್ಲಿ ಇರುತ್ತಾರಂತೆ. ಅದು ತಪ್ಪಿದರೆ 31ನೇ ದಿನ. ನಡುವೆ ಬೇರೆ ಊರು.

ಶಟ್‌ಡೌನ್ ಶಾರದಾ

ಹಾಗಾದರೆ ನಾನು ಇಲ್ಲಿಯವರೆಗೆ ಬರೆದದ್ದಕ್ಕೆ ಅರ್ಧ ಬೆಲೆ.

ನೋಡಿ. 32 ದಿನದ ಪ್ಲಾನ್‌ನಲ್ಲಿ ಕಮಿಷನಿಂಗ್ 27ನೇ ದಿನ ಶುರುವಾಗಬೇಕು. ಎಂಜಿನಿಯರ್ ಇಲ್ಲ. 31ರವರೆಗೆ ಕಾಯಬೇಕು, ಮುಗಿಯುವುದು 36ಕ್ಕೆ. ಏನೂ ಕ್ರ್ಯಾಶ್ ಮಾಡದ ಪ್ಲಾನ್‌ನಲ್ಲಿ 30ಕ್ಕೆ ಶುರುವಾಗಬೇಕಿತ್ತು, ಅದೂ 31ಕ್ಕೆ ಹೋಗಿ 36ಕ್ಕೇ ಮುಗಿಯುತ್ತದೆ. ಅಂದರೆ ನಾನು ಹೇಳಿದ 26,000 ನೀರಿಗೆ ಹಾಕಿದ ಹಾಗೆ.

29 ದಿನದ ಪ್ಲಾನ್‌ನಲ್ಲಿ 23ರಂದು ಕರೆಂಟ್, 24ರಂದು ಕಮಿಷನಿಂಗ್ ಶುರು. ಸರಿಯಾಗಿ ಕೂರುತ್ತದೆ. ಈಗ ಹೋಲಿಸಬೇಕಾದ್ದು 36ರ ಜೊತೆ. 7 ದಿನ, 1,26,000. 82,000 ಕಳೆದರೆ ಕೈಗೆ 44,000. ಆದರೆ ಒಂದೇ ಒಂದು ದಿನ ತಪ್ಪಿದರೂ 36ಕ್ಕೆ ಬೀಳುತ್ತೀರಿ, 82,000 ಹೋಯಿತು. ಮೂರು ಸಲಕ್ಕೆ ಎರಡು ಸಲವಾದರೂ ಗುರಿ ಮುಟ್ಟುತ್ತೇವೆ ಅನ್ನುವ ಧೈರ್ಯ ಇದ್ದರೆ ಮಾತ್ರ ಈ ಆಟ ಆಡಬಹುದು.

ಎಲ್ಲಿ ತಪ್ಪಬಹುದು? ಸಿವಿಲ್‌ನಲ್ಲಿ ಒಂದು ದಿನ ಫ್ಲೋಟ್ ಇದೆ. ಪ್ಯಾನೆಲ್‌ಗೆ ಇನ್ನೊಂದು 4,000 ಕೊಟ್ಟರೆ ಕರೆಂಟ್‌ನಲ್ಲೂ ಒಂದು ದಿನ ಸಿಗುತ್ತದೆ, ಈ ಬೆಲೆಗೆ ಅದು ಒಳ್ಳೆಯ ವಿಮೆ. ಟ್ರೈಲರ್‌ನಲ್ಲಿ ಏನೂ ಇಲ್ಲ. 16 ಅಂದರೆ 16. ರಾಜ್‌ಕೋಟ್‌ನಿಂದ ಬೆಂಗಳೂರಿಗೆ 1,500 ಕಿ.ಮೀ. ಮೇಲೆ. ದಾರಿಯಲ್ಲಿ ಒಂದು ಟೈರ್ ಹೋದರೆ ಸಾಕು.

ಎಂಬಿಎ ಮಹೇಶ

ಆ ಎಂಜಿನಿಯರನ್ನು 27ಕ್ಕೇ ವಿಶೇಷವಾಗಿ ಕರೆಸಿದರೆ? ವಿಮಾನದ ಖರ್ಚು ಕೊಟ್ಟರೆ ಬರಬಹುದಲ್ವಾ? 32 ದಿನದ ಪ್ಲಾನ್ ಮತ್ತೆ ಬದುಕುತ್ತದೆ. 36ರಿಂದ 32 ಅಂದರೆ 72,000. ನಮ್ಮ 26,000 ಕಳೆದರೆ 46,000. ಅವರಿಗೆ 20,000 ಕೊಟ್ಟರೂ ಲಾಭವೇ, ಟ್ರೈಲರ್ ಚಿಂತೆಯೂ ಅಷ್ಟಿಲ್ಲ.

ಶಟ್‌ಡೌನ್ ಶಾರದಾ

ಮಹೇಶ, ಇದು ಒಳ್ಳೆಯ ಐಡಿಯಾ. ಬರುತ್ತಾರಾ ಅನ್ನುವುದೊಂದೇ ಪ್ರಶ್ನೆ.

ಲೆಕ್ಕದ ಲಲಿತಾ

ಕರೆಸಿದರೂ ಸರಿ, ತಾರೀಖು ಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನ್‌ನಲ್ಲಿ ಹೇಳಿದ ತಾರೀಖಿಗೆ ಯಾರೂ ಜವಾಬ್ದಾರರಲ್ಲ.

ಪೀಣ್ಯ ಪ್ಲಾನರ್

6ನೇ ದಿನದ ಸುದ್ದಿ. ಗುಂಡಿಗೆ ಎರಡನೇ ಪಾಳಿ ಹಾಕಿಸಲಿಲ್ಲ, 4 ದಿನಕ್ಕೇ ಮುಗಿಯಿತು. ಕಂಬಿ ಕಟ್ಟುತ್ತಿದ್ದಾರೆ. ಎಂಜಿನಿಯರ್ 27ಕ್ಕೆ ಬರುವ ವಿಷಯ "ಕೇಳಿ ಹೇಳುತ್ತೇವೆ" ಅಂದವರು ಮೂರು ದಿನವಾದರೂ ಹೇಳಿಲ್ಲ. ಟ್ರೈಲರ್‌ಗೆ ಇಬ್ಬರು ಡ್ರೈವರ್ ಕೊಡುತ್ತೇವೆ, 16ಕ್ಕೆ ಖಂಡಿತ ಅಂತ ಟ್ರಾನ್ಸ್‌ಪೋರ್ಟ್‌ನವರು ಹೇಳುತ್ತಿದ್ದಾರೆ. ಖಂಡಿತ ಅನ್ನುವ ಮಾತು ಅವರ ಬಾಯಲ್ಲಿ ಎಷ್ಟು ಸಲ ಕೇಳಿಲ್ಲ! ನಾಳೆ ಕಾಂಕ್ರೀಟ್. ಇವತ್ತು ಸಂಜೆ 5ರೊಳಗೆ ಗ್ರೇಡ್ ಹೇಳಿ ಅಂತ ರೆಡಿಮಿಕ್ಸ್‌ನವರು ಕಾಯುತ್ತಿದ್ದಾರೆ. ಬಾಸ್ ಎಂ40 ಕಡೆ ವಾಲಿದ್ದಾರೆ. ನನಗೆ ಇನ್ನೂ ಅರ್ಧ ಮನಸ್ಸು.

ಕ್ಯೂಬ್ ಕರಿಯಪ್ಪ

ಯಾವ ಗ್ರೇಡ್ ಆದರೂ ಕ್ಯೂಬ್ ಜಾಸ್ತಿ ಹಾಕಿಸಿ. 7 ಮತ್ತು 28ಕ್ಕೆ ಮೂರು ಮೂರು ಅಂತ ಆರೇ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ನೀವು ಒಂಬತ್ತು ಹಾಕಿಸಿ. 7ಕ್ಕೆ ಸಾಲದೆ ಬಂದರೆ 8ನೇ ದಿನ ಬೆಳಿಗ್ಗೆ ಒಡೆದು ನೋಡಲು ಕೈಯಲ್ಲಿ ಮೂರು ಇರಲಿ. ನೀರು ನಿಲ್ಲುವ ಹಾಗೆ ಫೌಂಡೇಶನ್ ಮೇಲೆ ಸುತ್ತ ಮಣ್ಣಿನ ಕಟ್ಟೆ ಕಟ್ಟಿಸಿ, ಗೋಣಿಚೀಲ ಬೇಡ. ಅದಕ್ಕೆ ನೀರು ಹಾಕುವುದನ್ನು ಭಾನುವಾರ ವಾಚ್‌ಮನ್ ಮರೆಯುತ್ತಾನೆ.

ಸ್ಪಿಂಡಲ್ ಸೀನ

ವಾಚ್‌ಮನ್ ನಂಬರ್ ಕೊಡಿ, ನಾನೇ ನೆನಪಿಸ್ತೀನಿ.